ನೋಟ್ಸ್ ಕೊಡಬೇಡಿ ಸ್ವಾಮಿ, ತಗೊಳ್ಳೋದು ಕಲಿಸಿ

ನಮ್ಮ ಪಿಯು ಕಾಲೇಜುಗಳಲ್ಲಿ ‘ನೋಟ್ಸ್’ ಅನ್ನೋ ಪದದ ಜೊತೆ ಯಾವ ಕ್ರಿಯಾಪದ ಬರುತ್ತೆ ಅಂತ ಗಮನಿಸಿದ್ದೀರಾ? ‘ಸಾರ್, ನೋಟ್ಸ್ ಕೊಡ್ತೀರಾ?’ ‘ಮೇಡಂ ನೋಟ್ಸ್ ಬರೆಸಿದ್ರು.’ ‘ಅವರ ನೋಟ್ಸ್ ಜೆರಾಕ್ಸ್ ಮಾಡಿಸ್ಕೊಂಡೆ.’ ಕೊಡೋದು, ಬರೆಸೋದು, ಜೆರಾಕ್ಸ್ ಮಾಡಿಸೋದು. ‘ನಾನು ನೋಟ್ಸ್ ಮಾಡ್ಕೊಂಡೆ’ ಅನ್ನೋ ಹುಡುಗ ಹುಡುಗಿ ಸಿಗೋದು ಅಪರೂಪ. ಟಿಪ್ಪಣಿ ಅನ್ನೋದು ಕೇಳಿದವನು ತನಗಾಗಿ ಬರೆದುಕೊಳ್ಳೋದು. ನಮ್ಮಲ್ಲಿ ಅದು ಮೇಷ್ಟ್ರು ಹೇಳಿ ಬರೆಸುವ ಉಕ್ತಲೇಖನ ಆಗಿಬಿಟ್ಟಿದೆ. ಆ ಉಕ್ತಲೇಖನವನ್ನು ಹದಿನೇಳು ವರ್ಷದ ಮಕ್ಕಳಿಗೆ ಎರಡು ವರ್ಷ ಮಾಡಿಸಿ, ಡಿಗ್ರಿ ಕಾಲೇಜಿನ ಉಪನ್ಯಾಸಕ್ಕೆ ಕಳಿಸಿಕೊಡ್ತೀವಿ. ಅಲ್ಲಿ ಯಾರೂ ನಿಧಾನವಾಗಿ ‘ಫುಲ್‍ಸ್ಟಾಪ್, ಮುಂದಿನ ಪ್ಯಾರಾ’ ಅನ್ನಲ್ಲ. ಆಗ ಪೆನ್ನು ನಿಲ್ಲುತ್ತೆ.

ನಾನು ಪಿಯುಸಿ ಮಕ್ಕಳಿಗೆ ಇತಿಹಾಸ ಹೇಳಿಕೊಡುವವನು. ಈ ವಿಷಯದಲ್ಲಿ ನನಗೆ ಸಿಟ್ಟಿದೆ. ಆದರೆ ಬರೀ ಸಿಟ್ಟು ಇಳಿಸಿಕೊಳ್ಳೋಕೆ ಈ ಪೋಸ್ಟ್ ಅಲ್ಲ. ಬೇರೆ ಏನು ಮಾಡಬಹುದು ಅಂತ ಒಂದು ಪಾಠವನ್ನೇ ಇಡೀ ಬಿಡಿಸಿ ಇಡ್ತೀನಿ, ನೋಡಿ.

ಮೊದಲು ಒಂದು ಆಕ್ಷೇಪಕ್ಕೆ ಉತ್ತರ ಕೊಟ್ಟುಬಿಡೋಣ. ‘ನೋಟ್ ಮೇಕಿಂಗ್ ಸಿಲಬಸ್ಸಿನಲ್ಲೇ ಇದೆಯಲ್ಲ!’ ಅಂತೀರಿ. ಇದೆ. ನಮ್ಮ ದ್ವಿತೀಯ ಪಿಯುಸಿ ಇಂಗ್ಲಿಷ್ ಪ್ರಶ್ನೆಪತ್ರಿಕೆಯಲ್ಲಿ ವರ್ಷಗಟ್ಟಲೆ ಬಂದ ಪ್ರಶ್ನೆ ಅದು: ಒಂದು ಪ್ಯಾರಾ ಕೊಟ್ಟು, ಕೆಳಗೆ ಬಾಣಗಳಿಂದ ಜೋಡಿಸಿದ ಚೌಕಗಳನ್ನು ಬರೆದು, ಖಾಲಿ ಚೌಕ ತುಂಬಿ ಅನ್ನೋದು. ಸಿಬಿಎಸ್‍ಇಯ ಹಿರಿಯ ತರಗತಿಗಳ ಇಂಗ್ಲಿಷಿನಲ್ಲೂ ಅದರ ಅಣ್ಣ ಇದ್ದ: ಪ್ಯಾರಾ ಓದಿ, ಶೀರ್ಷಿಕೆ ಕೊಟ್ಟು, ಉಪಶೀರ್ಷಿಕೆ ಹಾಕಿ, ಸಂಕ್ಷೇಪಾಕ್ಷರ ಬಳಸಿ, ಸಾರಾಂಶ ಬರೆಯೋದು. ಎರಡರಲ್ಲೂ ಪ್ಯಾರಾ ಕಣ್ಣೆದುರಿಗೇ ಬಿದ್ದಿರುತ್ತೆ. ಬೇಕಾದಷ್ಟು ಸಲ ಹಿಂದಕ್ಕೆ ಹೋಗಿ ಓದಬಹುದು. ನಮ್ಮ ಚೌಕದ ಪ್ರಶ್ನೆಯಲ್ಲಂತೂ ವಿಷಯ ಎಷ್ಟು ಭಾಗ ಆಗುತ್ತೆ, ಯಾವುದರ ಕೆಳಗೆ ಯಾವುದು ಬರುತ್ತೆ ಅನ್ನೋ ನಿಜವಾದ ಕೆಲಸವನ್ನು ಪ್ರಶ್ನೆ ತೆಗೆದವರೇ ಮಾಡಿ ಮುಗಿಸಿರ್ತಾರೆ. ಹುಡುಗನಿಗೆ ಉಳಿದದ್ದು ಪದ ಹುಡುಕಿ ತುಂಬೋದು. ಈಜು ಕಲಿಸುವಾಗ ಮೊದಲು ಸೊಂಟಕ್ಕೆ ಬೆಂಡು ಕಟ್ತೀವಿ, ಸರಿ. ಪರೀಕ್ಷೆ ದಿನವೂ ಬೆಂಡು ಕಟ್ಟೇ ಇಳಿಸಿ, ‘ಈಜು ಬಂತು’ ಅಂತ ಮಾರ್ಕ್ಸ್ ಕೊಡೋದಾ?

ಕೇಳಿ ಬರೆಯೋದು ಬೇರೆಯದೇ ಕಷ್ಟ. ಅದರ ಲೆಕ್ಕ ಬಹಳ ಸರಳ. ನಮ್ಮ ಕ್ಲಾಸಿನಲ್ಲಿ ಗಡಿಯಾರ ಹಿಡಿದು ನೋಡಿದೆವು. ನಾನು ಪಾಠ ಮಾಡುವ ವೇಗ ನಿಮಿಷಕ್ಕೆ ಹೆಚ್ಚುಕಡಿಮೆ 70 ಕನ್ನಡ ಪದ. ಮಕ್ಕಳು ಅರ್ಥವಾಗೋ ಹಾಗೆ ಬರೆಯೋದು ನಿಮಿಷಕ್ಕೆ 15ರ ಆಸುಪಾಸು. ನಿಮ್ಮಲ್ಲಿ ಲೆಕ್ಕ ಸ್ವಲ್ಪ ಆಚೀಚೆ ಆಗಬಹುದು, ಮಾಡಿ ನೋಡಿ. ಅಂದರೆ ಕೇಳಿದ ಐದು ಪದಗಳಲ್ಲಿ ನಾಲ್ಕನ್ನು ಬಿಡಲೇಬೇಕು. ಯಾವ ನಾಲ್ಕು ಅನ್ನೋದನ್ನು ಆ ಕ್ಷಣದಲ್ಲೇ ತೀರ್ಮಾನ ಮಾಡಬೇಕು. ಕಲಿಸಬೇಕಾದ್ದು ಈ ಬಿಡುವ ವಿದ್ಯೆ. ಉಕ್ತಲೇಖನದಲ್ಲಿ ಏನನ್ನೂ ಬಿಡೋ ಹಾಗಿಲ್ಲ, ಆದ್ದರಿಂದ ಅದರಿಂದ ಇದು ಬರಲ್ಲ. ಎಷ್ಟು ವರ್ಷ ಬರೆಸಿದರೂ ಬರಲ್ಲ.

ಈಗ ಪುಟದ ವಿಷಯ. ನಾನು ಬಳಸೋದು ಕಾರ್ನೆಲ್ ಪದ್ಧತಿ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ವಾಲ್ಟರ್ ಪಾಕ್ ಅನ್ನೋ ಮೇಷ್ಟ್ರು ರೂಪಿಸಿದ್ದು. 1962ರಲ್ಲಿ ಬಂದ ಅವರ ‘ಹೌ ಟು ಸ್ಟಡಿ ಇನ್ ಕಾಲೇಜ್’ ಪುಸ್ತಕದಿಂದ ಲೋಕಕ್ಕೆಲ್ಲ ಹರಡಿತು. ಪುಟದ ಎಡಗಡೆ ಎರಡೂವರೆ ಇಂಚು ಬಿಟ್ಟು ಮೇಲಿಂದ ಕೆಳಕ್ಕೆ ಒಂದು ಗೆರೆ. ಕೆಳಗಡೆ ಎರಡು ಇಂಚು ಬಿಟ್ಟು ಅಡ್ಡಕ್ಕೆ ಒಂದು ಗೆರೆ. ಪಾಠ ಕೇಳುವಾಗ ಬರೆಯೋದು ಬಲಗಡೆಯ ದೊಡ್ಡ ಜಾಗದಲ್ಲಿ ಮಾತ್ರ. ಎಡಗಡೆ ಖಾಲಿ ಇರಬೇಕು. ಅವತ್ತು ಸಂಜೆ, ಬಲಗಡೆ ಬರೆದದ್ದು ಯಾವ ಪ್ರಶ್ನೆಗೆ ಉತ್ತರವೋ ಆ ಪ್ರಶ್ನೆಯನ್ನು ಎಡಗಡೆ ಬರೆಯೋದು. ಕೊನೆಗೆ ಕೆಳಗಿನ ಜಾಗದಲ್ಲಿ ಎರಡು ಸಾಲಿನ ಸಾರಾಂಶ. ಓದುವಾಗ ಬಲಗಡೆ ಕೈಯಿಂದ ಮುಚ್ಚಿ ಎಡಗಡೆಯ ಪ್ರಶ್ನೆಗೆ ಬಾಯಲ್ಲಿ ಉತ್ತರ ಹೇಳೋದು. ಇಷ್ಟೇ. ಇದರಲ್ಲಿ ಮಕ್ಕಳು ಎಡವೋದು ಒಂದೇ ಕಡೆ: ಎಡಗಡೆ ಖಾಲಿ ಬಿಡೋಕೆ ಅವರಿಗೆ ಮನಸ್ಸು ಬರಲ್ಲ. ಕ್ಲಾಸಿನಲ್ಲೇ ಅಲ್ಲಿ ಹೆಡ್ಡಿಂಗ್ ಬರೆದು ಕೆಂಪು ಇಂಕಿನಲ್ಲಿ ಗೆರೆ ಎಳೆದುಬಿಡ್ತಾರೆ. ಹಾಗಾದರೆ ಮುಚ್ಚಿ ಕೇಳಿಕೊಳ್ಳೋಕೆ ಪ್ರಶ್ನೆಯೇ ಇರಲ್ಲ, ಪುಟ ಬರೀ ಅಂದದ ಪುಟ ಆಗುತ್ತೆ.

ಇನ್ನು ಅಭ್ಯಾಸಕ್ಕೆ ಕೇಳಿಸುವ ಭಾಗ. ಪಠ್ಯಪುಸ್ತಕದ ಪ್ಯಾರಾ ತಗೊಂಡು ಗಟ್ಟಿಯಾಗಿ ಓದಿದರೆ ಆಗಲ್ಲ. ಬರಹದಲ್ಲಿ ಪ್ರತಿ ವಾಕ್ಯವೂ ಭಾರವಾಗಿರುತ್ತೆ, ಬಿಡೋಕೆ ಏನೂ ಸಿಗಲ್ಲ. ಮಾತಿನಲ್ಲಿ ‘ಮೂರು ಅಂಗ ಇದೆ’, ‘ಎರಡನೇದು’, ‘ಆದರೆ’, ‘ಅದಿರಲಿ’ ಅನ್ನೋ ಕೈಮರಗಳು ಇರುತ್ತವೆ. ನಡುವೆ ಊರ ಸುದ್ದಿ ಒಂದು ನುಸುಳುತ್ತೆ. ಅದಕ್ಕೇ ನಾನು ಮಾತಿನ ಧಾಟಿಯಲ್ಲೇ ಬರೆದಿಟ್ಟುಕೊಂಡು ಓದ್ತೀನಿ. ಇದು ನಮ್ಮ ಮೊದಲ ತಿಂಗಳ ಒಂದು ಭಾಗ, ಸುಮಾರು 165 ಪದ, ಎರಡೂವರೆ ನಿಮಿಷ:

“ಇವತ್ತು ಕೆರೆ ಬಗ್ಗೆ ಮಾತಾಡೋಣ. ಕೆರೆ ಅಂದ್ರೆ ನೀರು ನಿಂತ ಹೊಂಡ ಅಂತ ಅನ್ಕೊಂಡಿರ್ತೀವಿ, ಅದು ಸರಿಯಲ್ಲ. ಕೆರೆ ಒಂದು ವ್ಯವಸ್ಥೆ. ಅದಕ್ಕೆ ಮೂರು ಅಂಗ. ಮೊದಲನೇದು ಏರಿ. ಹರಿದು ಬರೋ ನೀರಿಗೆ ಅಡ್ಡ ಹಾಕಿರೋ ಮಣ್ಣಿನ ಕಟ್ಟೆ. ಅಲೆ ಹೊಡೆದು ಮಣ್ಣು ಕೊಚ್ಚಿಹೋಗಬಾರದು ಅಂತ ಅದರ ಒಳಮೈಗೆ ಕಲ್ಲು ಹಾಸಿರ್ತಾರೆ. ನಮ್ಮೂರ ಏರಿ ಮೇಲೆ ಈಗ ಬಸ್ಸೇ ಓಡಾಡುತ್ತೆ, ಮಳೆಗಾಲದಲ್ಲಿ ಅದರಲ್ಲಿ ಕೂತರೆ ಎದೆ ಡವಡವ ಅನ್ನುತ್ತೆ, ಅದಿರಲಿ. ಎರಡನೇದು ತೂಬು. ಬೇಕಾದಾಗ ಬೇಕಾದಷ್ಟು ನೀರು ಗದ್ದೆಗೆ ಬಿಡೋ ಬಾಗಿಲು. ತೂಬಿನ ನೀರು ಸಿಗೋ ಜಮೀನಿಗೆ ಅಚ್ಚುಕಟ್ಟು ಅಂತ ಹೆಸರು. ಸರದಿ ಪ್ರಕಾರ ಈ ನೀರು ಹಂಚುತ್ತಿದ್ದವನು ನೀರುಗಂಟಿ. ಮೂರನೇದು ಕೋಡಿ. ಕೆರೆ ತುಂಬಿದ ಮೇಲೆ ಹೆಚ್ಚಾದ ನೀರು ಹೊರಗೆ ಹೋಗೋ ದಾರಿ. ಕೋಡಿ ಇಲ್ಲದಿದ್ದರೆ ನೀರು ಏರಿ ಮೇಲೆ ಹತ್ತಿ ಹರಿದು ಏರಿಯೇ ಒಡೆಯುತ್ತೆ. ಒಂದು ಕೆರೆಯ ಕೋಡಿ ನೀರು ಅದರ ಕೆಳಗಿನ ಕೆರೆಗೆ ಹೋಗುತ್ತೆ, ಹೀಗೆ ಕೆರೆಗಳ ಸರಪಳಿ.

ಸರಿ, ಕೆರೆಗಳು ಯಾಕೆ ಹಾಳಾದವು? ಮಳೆ ಕಡಿಮೆ ಆಗಿದ್ದೇ ಕಾರಣ ಅಂತ ಕೆಲವರು ಹೇಳ್ತಾರೆ. ಆದರೆ ಮಳೆ ಚೆನ್ನಾಗಿ ಬಂದ ವರ್ಷವೂ ಎಷ್ಟೋ ಕೆರೆಗಳಲ್ಲಿ ಬೇಸಿಗೆ ತನಕ ನೀರು ನಿಲ್ಲಲ್ಲ. ಎರಡು ಕಾರಣ ಹೇಳ್ತೀನಿ. ಒಂದು, ಹೂಳು. ಊರವರೇ ಸೇರಿ ಹೂಳು ಎತ್ತೋ ಪದ್ಧತಿ ನಿಂತುಹೋಗಿ ನೀರು ಹಿಡಿಯೋ ಜಾಗ ಕಡಿಮೆ ಆಯ್ತು. ಎರಡು, ಕೆರೆಗೆ ನೀರು ತರೋ ಕಾಲುವೆಗಳ ಒತ್ತುವರಿ. ಕೊನೇದಾಗಿ, ಇವತ್ತು ಕೆರೆ ಯಾರ ಕೈಯಲ್ಲಿದೆ? ಅಚ್ಚುಕಟ್ಟು 40 ಹೆಕ್ಟೇರಿಗಿಂತ ಕಡಿಮೆ ಇದ್ದರೆ ಪಂಚಾಯತಿ, 40ರಿಂದ 2000 ಹೆಕ್ಟೇರ್ ತನಕ ಸಣ್ಣ ನೀರಾವರಿ ಇಲಾಖೆ.”

ಇದನ್ನು ಎರಡು ಸಲ ಓದ್ತೀನಿ. ಮೊದಲ ಸಲ ಪೆನ್ನು ಕೆಳಗೆ, ಕಿವಿ ಮಾತ್ರ. ಓದಿ ಮುಗಿದ ಮೇಲೆ ಒಂದೇ ಪ್ರಶ್ನೆ: ‘ಎಷ್ಟು ಗಂಟು ಇತ್ತು?’ ಮೂರು ಅಂಗ, ಎರಡು ಕಾರಣ, ಯಾರ ಕೈ ಅನ್ನೋದು ಒಂದು. ಈ ಲೆಕ್ಕ ಸಿಕ್ಕರೆ ಪುಟದ ಅಸ್ಥಿಪಂಜರ ಸಿಕ್ಕಿತು. ಎರಡನೇ ಸಲ ಬರೆಯೋದು. ಎರಡೂವರೆ ನಿಮಿಷ ಗುಣಿಸು 15, ಅಂದರೆ ಕೈಯಲ್ಲಿರೋ ಖರ್ಚು 35-40 ಪದ. ಅಷ್ಟರೊಳಗೆ ಬಲಗಡೆಯ ಜಾಗದಲ್ಲಿ ಹೀಗೆ ಬರಬಹುದು:

ಕೆರೆ = ವ್ಯವಸ್ಥೆ (ಹೊಂಡ ×)
ಅಂಗ 3
1. ಏರಿ – ಮಣ್ಣು ಕಟ್ಟೆ. ಒಳಗೆ ಕಲ್ಲು (ಅಲೆ)
2. ತೂಬು – ನೀರು → ಗದ್ದೆ = ಅಚ್ಚುಕಟ್ಟು (ಅಕ)
ನೀರುಗಂಟಿ – ಸರದಿ
3. ಕೋಡಿ – ಹೆಚ್ಚು ನೀರು ಹೊರಗೆ → ಕೆಳ ಕೆರೆ (ಸರಪಳಿ)
ಕೋಡಿ × → ಏರಿ ಒಡೆತ
ಹಾಳು ಯಾಕೆ? ಮಳೆ ↓ ×
1. ಹೂಳು ಎತ್ತಲ್ಲ → ಜಾಗ ↓
2. ಕಾಲುವೆ ಒತ್ತುವರಿ
ಯಾರದು: ಅಕ 40 ಹೆ. ಒಳಗೆ – ಪಂ. 40–2000 – ಸ.ನೀ.ಇ.

ಬಸ್ಸು ಎಲ್ಲೂ ಇಲ್ಲ, ನೋಡಿ. ‘ಅದಿರಲಿ’ ಅನ್ನೋ ಮಾತು ಕಿವಿಗೆ ಬಿದ್ದರೆ ಅದರ ಹಿಂದಿನದ್ದು ಬಿಡುವಂಥದ್ದು ಅಂತ ಗೊತ್ತಾಗಬೇಕು. ಸಂಜೆ ಎಡಗಡೆ ಬರುವ ಪ್ರಶ್ನೆಗಳು ಇಂಥವು: ‘ಕೋಡಿ ಇಲ್ಲದಿದ್ದರೆ ಏರಿ ಯಾಕೆ ಒಡೆಯುತ್ತೆ?’, ‘ಮಳೆ ಕಾರಣ ಅಲ್ಲ ಅನ್ನೋಕೆ ಮೇಷ್ಟ್ರು ಏನು ಹೇಳಿದರು?’ ಎರಡನೇ ಪ್ರಶ್ನೆಗೆ ಬಲಗಡೆ ಉತ್ತರ ಪೂರ್ತಿ ಇಲ್ಲ. ಆ ಗುರುತು ಮಾತ್ರ ಇದೆ. ಅವತ್ತೇ ಕೂತರೆ ನೆನಪಿನಿಂದ ತುಂಬಬಹುದು. ವಾರ ಬಿಟ್ಟು ಕೂತರೆ ಆ ಗುರುತು ಬರೀ ಗುರುತಾಗಿಯೇ ಉಳಿಯುತ್ತೆ. ಎಡಗಡೆಯ ಕೆಲಸ ಅವತ್ತೇ ಆಗಬೇಕು ಅಂತ ನಾನು ಹಟ ಹಿಡಿಯೋದು ಇದಕ್ಕೇ.

ಇಲ್ಲಿ ಕನ್ನಡದ್ದೇ ಆದ ಎರಡು ಸಂಗತಿ ಇವೆ. ಇಂಗ್ಲಿಷಿನ ನೋಟ್ ಮೇಕಿಂಗ್ ಗೈಡುಗಳು ಇದನ್ನು ಹೇಳಲ್ಲ, ನಮ್ಮವರೂ ಹೇಳಲ್ಲ. ಮೊದಲನೆಯದು, ನಮ್ಮ ವಾಕ್ಯದ ಕೀಲಿ ಕೊನೆಯಲ್ಲಿರುತ್ತೆ. ‘ಕೆರೆ ಅಂದ್ರೆ ನೀರು ನಿಂತ ಹೊಂಡ ಅಂತ ಅನ್ಕೊಂಡಿರ್ತೀವಿ’ ತನಕ ಕೇಳಿ ಪೆನ್ನು ಓಡಿಸಿದವನು ‘ಕೆರೆ = ನೀರು ನಿಂತ ಹೊಂಡ’ ಅಂತ ಬರೆದು ಮುಗಿಸಿರ್ತಾನೆ. ‘ಸರಿಯಲ್ಲ’ ಅನ್ನೋದು ಬರುವಾಗ ಅವನ ಕಿವಿ ಬರೆಯೋದರಲ್ಲಿ ಮುಳುಗಿರುತ್ತೆ. ‘ಅಲ್ಲ’, ‘ಇಲ್ಲ’, ‘ಬಾರದು’, ‘ಅಂತ ಕೆಲವರು ಹೇಳ್ತಾರೆ’ ಎಲ್ಲ ಕನ್ನಡದಲ್ಲಿ ಬಾಲದಲ್ಲೇ ಇರುತ್ತವೆ. ಆದ್ದರಿಂದ ನಮ್ಮ ಕ್ಲಾಸಿನ ನಿಯಮ: ವಾಕ್ಯ ಮುಗಿಯೋ ತನಕ ಪೆನ್ನು ಎತ್ತಬಾರದು. ಮುಗಿದ ಮೇಲೆ ಎರಡು ಮೂರು ಪದ ಮಾತ್ರ ಬರೆಯಬೇಕು. ಮೊದಮೊದಲು ಮಕ್ಕಳಿಗೆ ಹಿಂದೆ ಬಿದ್ದ ಹಾಗೆ ಅನ್ನಿಸುತ್ತೆ. ನಾಲ್ಕನೇ ಅಭ್ಯಾಸದ ಹೊತ್ತಿಗೆ ಸರಿಹೋಗುತ್ತೆ.

ಎರಡನೆಯದು, ಸಂಕ್ಷೇಪಾಕ್ಷರ. ಇಂಗ್ಲಿಷಿನಲ್ಲಿ ಸ್ವರಗಳನ್ನು ಉದುರಿಸಿದರೂ ಪದದ ಗುರುತು ಉಳಿಯುತ್ತೆ. ಕನ್ನಡದಲ್ಲಿ ಗುಣಿತ ಉದುರಿಸಿ ನೋಡಿ: ಕೋಡಿಯೂ ‘ಕಡ’, ಕಾಡೂ ‘ಕಡ’, ಕುಡಿಯೂ ‘ಕಡ’! ಆದ್ದರಿಂದ ಇಲ್ಲಿ ನಡೆಯೋದು ಪದಗಳ ಮೊದಲ ಅಕ್ಷರ ಹಿಡಿಯೋ ದಾರಿ, ಅದೂ ಆ ಪದ ಎರಡನೇ ಸಲ ಬಂದಾಗ. ಅಚ್ಚುಕಟ್ಟನ್ನು ಮೊದಲ ಸಲ ಪೂರ್ತಿ ಬರೆದು ಪಕ್ಕಕ್ಕೆ ‘ಅಕ’ ಅಂತ ಗುರುತಿಟ್ಟರೆ ಕೊನೇ ಸಾಲಿನಲ್ಲಿ ‘ಅಕ’ ಸಾಕು. ಸ.ನೀ.ಇ. ಮಾತ್ರ ಇದಕ್ಕೆ ಹೊರತು. ಅದು ಸಾಲಿನ ಕೊನೇ ಪದ, ಮುಂದೆ ಏನೂ ಇಲ್ಲ, ಸಂಜೆ ಬಿಡಿಸಿ ಬರೆಯಬಹುದು. ಒಂದೇ ಸಲ ಬರುವ ನೀರುಗಂಟಿಯಂಥ ಹೊಸ ಪದವನ್ನು ಮೊಟಕು ಮಾಡಿದರೆ ಆಮೇಲೆ ಬಿಡಿಸೋಕಾಗಲ್ಲ. ಇನ್ನು ‘ಇಂದ’, ‘ಗೆ’, ‘ಆದ್ದರಿಂದ’ ಇವಕ್ಕೆಲ್ಲ ಒಂದು ಬಾಣ ಸಾಕು. ನಮ್ಮ ಪರೀಕ್ಷೆಯ ದೃಷ್ಟಿ ಮಾತ್ರ ಉಲ್ಟಾ. ಇಂತಿಷ್ಟು ಸಂಕ್ಷೇಪಾಕ್ಷರ ಇದ್ದರೆ ಇಷ್ಟು ಮಾರ್ಕ್ಸ್ ಅಂತ ಎಣಿಸಿ ಕೊಟ್ಟರೆ, ಮಕ್ಕಳು ಬೇಡದ ಕಡೆಯೆಲ್ಲ ಚುಕ್ಕಿ ಇಟ್ಟು ಮೊಟಕು ಮಾಡ್ತಾರೆ. ಕೈಗೆ ವೇಗ ಬರಲಿ ಅಂತ ಹುಟ್ಟಿದ್ದು ಅಲಂಕಾರ ಆಯ್ತು.

ಸರಿಯಾಗಿ ಕಲಿತಿದ್ದಾರಾ ಅಂತ ತಿಳಿಯೋದು ಹೇಗೆ? ನನಗೆ ಗೊತ್ತಿರುವ ಒಂದು ಕಾಲೇಜಿನಲ್ಲಿ ನೋಟ್ಸ್ ಪುಸ್ತಕದ ತಪಾಸಣೆ ನಡೆಯುತ್ತೆ. ಅಕ್ಷರ ದುಂಡಗಿದೆಯಾ, ಸ್ಕೇಲಿನಲ್ಲಿ ಗೆರೆ ಎಳೆದಿದ್ದಾರಾ, ಇಂಡೆಕ್ಸ್ ಇದೆಯಾ, ಸಹಿ. ಅದರಿಂದ ತಿಳಿಯೋದು ಸ್ಕೇಲ್ ಇದೆ ಅಂತ ಮಾತ್ರ. :) ನಾನು ಎರಡು ಪುಟ ಹೇಳ್ತೀನಿ, ಎರಡೂ ಕ್ಲಾಸಿನಲ್ಲಿ ಮತ್ತೆ ಮತ್ತೆ ಸಿಗುವಂಥವು.

ಮೊದಲನೇ ಪುಟದಲ್ಲಿ ‘ಕೆರೆ ಎಂಬುದು ನೀರು ನಿಂತ ಹೊಂಡವಲ್ಲ, ಅದೊಂದು ವ್ಯವಸ್ಥೆ. ಇದಕ್ಕೆ ಮುಖ್ಯವಾಗಿ ಮೂರು ಅಂಗಗಳಿವೆ. ಏರಿ ಎಂದರೆ ಹರಿದು ಬರುವ ನೀರಿಗೆ...’ ಅಂತ ಮುತ್ತು ಪೋಣಿಸಿದಂಥ ವಾಕ್ಯಗಳು. ಆಮೇಲೆ ‘ತೂಬು’ ಅನ್ನೋ ಒಂದು ಪದ. ಆಮೇಲೆ ಬಯಲು. ತಪಾಸಣೆ ಮಾಡುವವರಿಗೆ ಇದು ಒಳ್ಳೇ ಪುಟ. ನಿಜಕ್ಕೂ ಈ ಹುಡುಗಿಗೆ ಎರಡನೇ ನಿಮಿಷದ ಪಾಠ ಆಗೇ ಇಲ್ಲ. ಪುಟದ ಮೇಲ್ಭಾಗ ದಟ್ಟ, ಕೆಳಭಾಗ ಬೋಳು ಇದ್ದರೆ ಅದು ಉಕ್ತಲೇಖನದ ಅಭ್ಯಾಸ ಅಂತ ಓದದೇ ಹೇಳಬಹುದು. ಅವಳಿಗೆ ಮದ್ದು ಪದಗಳ ಮಿತಿ: ಒಂದು ಸಾಲಿಗೆ ನಾಲ್ಕೇ ಪದ, ಐದನೇದು ಬರೆಯೋ ಹಾಗಿಲ್ಲ.

ಎರಡನೇ ಪುಟದಲ್ಲಿ ಎಲ್ಲ ಇದೆ, ಕೊನೇ ಸಾಲಿನ 40, 2000 ಕೂಡ ಇದೆ. ಆದರೆ ಹಾಳಾಗಲು ಕಾರಣ ಅಂತ ‘1. ಮಳೆ ಕಡಿಮೆ 2. ಹೂಳು 3. ಒತ್ತುವರಿ’ ಅಂತ ಇದೆ. ‘ಎರಡು ಕಾರಣ ಹೇಳ್ತೀನಿ’ ಅಂತ ನಾನು ಅಂದೆ, ಅವನ ಪುಟದಲ್ಲಿ ಮೂರು! ‘ಆದರೆ’ ಕಿವಿಗೆ ಬಿದ್ದಿಲ್ಲ. ನಾನು ಅಲ್ಲಗಳೆದದ್ದನ್ನೇ ನನ್ನ ಹೆಸರಿನಲ್ಲಿ ಬರೆದುಕೊಂಡಿದ್ದಾನೆ. ಇದು ಮೊದಲನೇದಕ್ಕಿಂತ ಅಪಾಯ. ಖಾಲಿ ಪುಟ ಖಾಲಿ ಅಂತ ಅವನಿಗೇ ಗೊತ್ತಾಗುತ್ತೆ, ತಪ್ಪು ಪುಟ ತಪ್ಪು ಅಂತ ಗೊತ್ತಾಗಲ್ಲ. ಇವನಿಗೆ ಮದ್ದು ಬೇರೆ: ಮುಂದಿನ ಭಾಗ ಓದುವಾಗ ‘ಆದರೆ’, ‘ಅಲ್ಲ’, ‘ಕೆಲವರು’ ಕೇಳಿದಾಗಲೆಲ್ಲ ಕೈ ಎತ್ತೋದಷ್ಟೇ ಅವನ ಕೆಲಸ, ಬರೆಯೋದು ಬೇಡ.

ಈ ಎರಡನ್ನೂ ಬಯಲು ಮಾಡೋ ಪರೀಕ್ಷೆ ಸುಲಭ. ಒಂದು ವಾರ ಬಿಟ್ಟು, ಪಾಠ ಮತ್ತೆ ಓದದೇ, ಅವರ ಪುಟ ಅವರೇ ಇಟ್ಟುಕೊಂಡು ಐದು ಪ್ರಶ್ನೆಗೆ ಉತ್ತರ ಬರೆಯಲಿ. ಅದರಲ್ಲಿ ಒಂದು ‘ಮಳೆ ಕಡಿಮೆ ಆಗಿದ್ದು ಕಾರಣ ಅಂತ ಪಾಠದಲ್ಲಿ ಒಪ್ಪಿದ್ದಾರೆಯೇ?’ ಇನ್ನೊಂದು ‘60 ಹೆಕ್ಟೇರ್ ಅಚ್ಚುಕಟ್ಟಿನ ಕೆರೆ ರಿಪೇರಿಗೆ ಯಾರಿಗೆ ಅರ್ಜಿ ಕೊಡ್ತೀರಿ?’ ಪುಟದಲ್ಲಿ ಅಂಕಿ ಇದ್ದು ಅದು ಯಾವುದರ ಅಂಕಿ ಅಂತ ಇಲ್ಲದಿದ್ದರೆ ಇಲ್ಲಿ ಸಿಕ್ಕಿಬೀಳುತ್ತೆ. ಮಾರ್ಕ್ಸ್ ಕೊಡೋದು ಉತ್ತರಕ್ಕೆ, ಪುಟದ ಅಂದಕ್ಕಲ್ಲ.

ಬೆಂಡು ಬಿಚ್ಚೋದನ್ನೂ ಹೇಳಬೇಕಲ್ಲ. ಮೊದಲ ಎರಡು ಅಭ್ಯಾಸದಲ್ಲಿ ಬೋರ್ಡಿನ ಮೇಲೆ ‘ಅಂಗ 1, 2, 3, ಕಾರಣ 1, 2’ ಅಂತ ಅಸ್ಥಿಪಂಜರ ನಾನೇ ಬರೀತೀನಿ. ಅದು ಪರೀಕ್ಷೆಯ ಚೌಕದ ಥರವೇ, ಅದರಲ್ಲಿ ತಪ್ಪಿಲ್ಲ. ಮೂರು, ನಾಲ್ಕರಲ್ಲಿ ಗಂಟು ಎಷ್ಟು ಅಂತ ಸಂಖ್ಯೆ ಮಾತ್ರ ಹೇಳ್ತೀನಿ. ಐದರಿಂದ ಏನೂ ಇಲ್ಲ, ಓದೋದೂ ಒಂದೇ ಸಲ. ಒಂದೊಂದಕ್ಕೆ ಪೀರಿಯಡ್ಡಿನ ಅರ್ಧ ಸಾಕು. ವಾರಕ್ಕೊಂದರಂತೆ ಎಂಟು ವಾರ.

ಈಗ ನಮ್ಮ ಸಹೋದ್ಯೋಗಿಗಳ ಮಾತು. ‘ಪೋರ್ಷನ್ ಮುಗಿಯಲ್ಲ.’ ಅಲ್ಲಾ ಸ್ವಾಮಿ, ನಿಮಿಷಕ್ಕೆ 15 ಪದದ ವೇಗದಲ್ಲಿ ಇಡೀ ಅಧ್ಯಾಯ ಬರೆಸುವವರಿಗೆ ಪೋರ್ಷನ್ ಮುಗಿಯುತ್ತೆ, 70ರ ವೇಗದಲ್ಲಿ ಪಾಠ ಮಾಡುವವರಿಗೆ ಮುಗಿಯಲ್ಲವೇ? ‘ಹಳ್ಳಿ ಮಕ್ಕಳು, ಅವರಿಂದಾಗಲ್ಲ.’ ಏರಿ, ತೂಬು, ಕೋಡಿ ಏನು ಅಂತ ಅವರಿಗೆ ಹೇಳಿಕೊಡಬೇಕಾಗೇ ಇಲ್ಲ. ಕೇಳಿದ್ದರಲ್ಲಿ ಯಾವುದು ಮುಖ್ಯ ಅಂತ ಆರಿಸೋದರಲ್ಲಿ ಪೇಟೆಯ ಮಕ್ಕಳಿಗಿಂತ ಅವರು ಹಿಂದೆ ಬಿದ್ದಿದ್ದನ್ನು ನಾನು ಕಂಡಿಲ್ಲ.

‘ವಾಟ್ಸಾಪಿನಲ್ಲಿ ಬೋರ್ಡಿನ ಫೋಟೋ, ಪಿಡಿಎಫ್ ಎಲ್ಲ ಬರುತ್ತಲ್ಲ?’ ಈ ಮಾತಿನಲ್ಲಿ ಅರ್ಧ ನ್ಯಾಯ ಇದೆ. 1972ರಲ್ಲಿ ಡಿ ವೆಸ್ಟಾ ಮತ್ತು ಗ್ರೇ ಅನ್ನೋ ಇಬ್ಬರು ಮನಶ್ಶಾಸ್ತ್ರಜ್ಞರು ಟಿಪ್ಪಣಿಯ ಲಾಭವನ್ನು ಎರಡಾಗಿ ಬಿಡಿಸಿದರು: ಬರೆಯುವಾಗಲೇ ತಲೆಯೊಳಗೆ ಆಗುವ ಕೆಲಸ ಒಂದು, ಆಮೇಲೆ ತೆಗೆದು ಓದೋಕೆ ಸಿಗುವ ದಾಸ್ತಾನು ಇನ್ನೊಂದು. ಫೋಟೋ ಎರಡನೆಯದನ್ನು ಕೊಡುತ್ತೆ, ಅದು ಸಣ್ಣದೇನಲ್ಲ. ಗೈರುಹಾಜರಾದವರಿಗೆ ಅದು ಬೇಕೇ ಬೇಕು. ಮೊದಲನೆಯದನ್ನು ಮಾತ್ರ ಯಾರ ಫೋನಿನಿಂದಲೂ ಫಾರ್ವರ್ಡ್ ಮಾಡೋಕಾಗಲ್ಲ.

ಈ ಪದ್ಧತಿ ಎಲ್ಲ ಕಡೆ ನಡೆಯುತ್ತೆ ಅಂತ ನಾನು ಹೇಳ್ತಾ ಇಲ್ಲ. ಗಣಿತದ ಸಾಧನೆ, ಭೌತಶಾಸ್ತ್ರದ ಡಿರೈವೇಶನ್ ಇಂಥದ್ದರಲ್ಲಿ ಒಂದು ಹೆಜ್ಜೆಯನ್ನೂ ಬಿಡೋ ಹಾಗಿಲ್ಲ, ಅಲ್ಲಿ ಬೋರ್ಡಿನದನ್ನು ಹಾಗೇ ಇಳಿಸಿಕೊಳ್ಳಬೇಕು. ಕನ್ನಡ ಮಾಧ್ಯಮದಿಂದ ಬಂದ ಮಗುವಿಗೆ ಇಂಗ್ಲಿಷ್ ಪಾಠ ಅರ್ಥವೇ ಆಗದಿದ್ದರೆ ಯಾವ ಗೆರೆ ಎಳೆದರೂ ಪ್ರಯೋಜನ ಇಲ್ಲ. ಅಂಥವರಿಗೆ ನಾನು ಹೇಳೋದು: ಪಾಠ ಇಂಗ್ಲಿಷಿನಲ್ಲಿರಲಿ, ಬಲಗಡೆ ನೀನು ಕನ್ನಡದಲ್ಲೇ ಬರಿ, ಪಾರಿಭಾಷಿಕ ಪದ ಮಾತ್ರ ಇಂಗ್ಲಿಷಿನಲ್ಲಿ ಇಟ್ಟುಕೋ. ಇದಕ್ಕೂ ‘ಇಂಗ್ಲಿಷ್ ಮೀಡಿಯಂ ಪುಸ್ತಕದಲ್ಲಿ ಕನ್ನಡ ಯಾಕೆ?’ ಅಂತ ಕೆಂಪು ಇಂಕು ಹಾಕುವವರಿದ್ದಾರೆ. ಆ ಪುಸ್ತಕ ಯಾರಿಗಾಗಿ ಅನ್ನೋದನ್ನೇ ಅವರು ಮರೆತಿದ್ದಾರೆ.

ನಾನು ಕೇಳೋದು ಇಷ್ಟೇ: ಪಿಯುಸಿ ಪರೀಕ್ಷೆಯಲ್ಲಿ ಚೌಕದ ಪ್ರಶ್ನೆ ಇದ್ದರೆ ಇರಲಿ, ಆಂತರಿಕ ಮೌಲ್ಯಮಾಪನದಲ್ಲಾದರೂ ಎರಡೂವರೆ ನಿಮಿಷ ಕೇಳಿಸಿ ಬರೆಸಿ. ಇದಕ್ಕೆ ಲ್ಯಾಬ್ ಬೇಡ, ಸ್ಪೀಕರ್ ಬೇಡ, ಒಬ್ಬ ಮೇಷ್ಟ್ರ ಗಂಟಲು ಸಾಕು. ಮೇಲಿನ ಕೆರೆಯ ಭಾಗವನ್ನು ಯಾರು ಬೇಕಾದರೂ ತಗೊಂಡು ಓದಬಹುದು. ನಿಮ್ಮೂರಿನದ್ದೇ ಒಂದು ಬರೆದರೆ ಇನ್ನೂ ಒಳ್ಳೇದು, ಅದರಲ್ಲಿ ಒಂದು ‘ಆದರೆ’, ಒಂದು ‘ಅದಿರಲಿ’ ಇರಲಿ. ಮೇಷ್ಟ್ರುಗಳು ಇಲ್ಲಿ ಇದ್ದರೆ ಬೈಯಿರಿ, ಬೇಜಾರಿಲ್ಲ. ಆದರೆ ನಾಳೆ ಕ್ಲಾಸಿನಲ್ಲಿ ಒಂದು ಸಲ ಓದಿಸಿ, ಎಷ್ಟು ಪುಟಗಳಲ್ಲಿ ಕಾರಣ ಮೂರಾಗಿದೆ ಅಂತ ಎಣಿಸಿಕೊಂಡು ಬಂದು ಬೈಯಿರಿ.